ಬಲಗಡೆ ಪಿಲ್ಲರಿನಿಂದ ಹನ್ನೊಂದು ಇಂಚು

ದತ್ತಾತ್ರೇಯ ಕಾಕಾ ಮಾತು ಕಡಿಮೆಯ ಮನುಷ್ಯ ಎಂದು ಎಲ್ಲರೂ ಹೇಳುತ್ತಿದ್ದರು. ನನಗೆ ಹಾಗನಿಸಲಿಲ್ಲ. ಅಂಕಿ ಕೇಳಿದರೆ ಅವರು ಅರ್ಧ ಗಂಟೆ ಮಾತನಾಡುತ್ತಿದ್ದರು. ಅಂಕಿ ಬಿಟ್ಟು ಬೇರೇನಾದರೂ ಕೇಳಿದರೆ ಮಾತ್ರ ಬಾಯಿಗೆ ಬೀಗ.

ಕೃಷ್ಣೆಯ ಒಂದು ಅಣೆಕಟ್ಟಿನಲ್ಲಿ ಅವರು ಮೂವತ್ತನಾಲ್ಕು ವರ್ಷ ಕೆಲಸ ಮಾಡಿದ್ದರು. ಅಣೆಕಟ್ಟಿನ ಹೊಟ್ಟೆಯೊಳಗೆ ಉದ್ದಕ್ಕೂ ಒಂದು ಸುರಂಗವಿರುತ್ತದೆ, ಗ್ಯಾಲರಿ ಎನ್ನುತ್ತಾರೆ. ದಿನಾ ಬೆಳಿಗ್ಗೆ ಟಾರ್ಚು ಹಿಡಿದು ಅದರೊಳಗೆ ಇಳಿಯುವುದು, ಗೋಡೆಯಲ್ಲಿ ಎಲ್ಲೆಲ್ಲಿ ಬಿರುಕಿದೆಯೋ ಅದರ ಅಗಲ ಅಳೆಯುವುದು, ಜಿನುಗುವ ನೀರನ್ನು ಅಳತೆ ಪಾತ್ರೆಯಲ್ಲಿ ಹಿಡಿಯುವುದು, ಮೇಲೆ ಬಂದು ವೈರ್‌ಲೆಸ್ಸಿನಲ್ಲಿ ಹೈದರಾಬಾದಿನ ಆಫೀಸಿಗೆ ಓದಿ ಹೇಳುವುದು. ಆ ಕಡೆಯವರು ಬರೆದುಕೊಂಡು ಮತ್ತೆ ಇವರಿಗೆ ಓದಿ ಹೇಳಬೇಕು. ಸರಿಯಿದ್ದರೆ ಇವರು "ಬರೊಬ್ಬರಿ" ಅನ್ನಬೇಕು. ಅಲ್ಲಿಗೆ ದಿನದ ಕೆಲಸ ಮುಗಿಯಿತು. ಅವರು ಕಳಿಸಿದ ಅಂಕಿಗಳಿಂದ ಸಾಹೇಬರು ಏನು ತಿಳಿದುಕೊಂಡರು ಎಂದು ಒಂದು ದಿನವೂ ಕೇಳಿದವರಲ್ಲ. ಅದು ತನ್ನ ಕೆಲಸವಲ್ಲ ಎಂಬುದು ಅವರ ನಂಬಿಕೆ. ಈ ನಂಬಿಕೆಯ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ನಿವೃತ್ತಿಯಾದ ಮೇಲೆ ಅವರು ನಾರಾಯಣಗೂಡದ ಹಳೆಯ ಅಪಾರ್ಟ್‌ಮೆಂಟಿನ ಮೊದಲನೇ ಮಹಡಿಯಲ್ಲಿ ಹೆಂಡತಿ ಗೋದಾಬಾಯಿಯವರೊಂದಿಗೆ ಇದ್ದರು. ಮಕ್ಕಳಿಲ್ಲ. ಗೋದಾಬಾಯಿ ನನ್ನ ಅವ್ವನ ಗುರುವಾರದ ಭಜನೆಯ ಗೆಳತಿ. ಕೊನೆಯ ಎರಡು ವರ್ಷ ಮಂಚ ಹಿಡಿದಿದ್ದರು. ಅವರು ಹೋದಾಗ ನಾನೂ ಅವ್ವನ ಜೊತೆ ಹೋಗಿದ್ದೆ. ಕಾಕಾ ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಚಪ್ಪಲಿ ಎಲ್ಲಿ ಬಿಡಬೇಕೆಂದು ತೋರಿಸುತ್ತಿದ್ದರು. ಅವ್ವ ಕೈ ಹಿಡಿದು ಅತ್ತರೆ, ಅವರು ಬೆಳಿಗ್ಗೆ ಆರೂ ಹತ್ತಕ್ಕೆ ಹೋದಳು ಎಂದು ವೇಳೆ ಹೇಳಿದರು. ಮನೆಗೆ ಬರುವಾಗ ಅವ್ವ, ಆತನಿಗೆ ಕಲ್ಲಿನ ಎದೆ ಅಂದಳು. ನಾನು ಹೂಂ ಅಂದೆ.

ಹದಿಮೂರನೆಯ ದಿನದ ಶಾಂತಿ ಮುಗಿದ ಮೇಲೆ ಮಂಚ ತೆಗೆಸಿದರಂತೆ. ಅದಾಗಿ ಐದು ತಿಂಗಳಿಗೆ, ಮಂಚವಿದ್ದ ಗೋಡೆಯಲ್ಲಿ ಕೂದಲೆಳೆಯಂಥ ಬಿರುಕು ಕಾಣಿಸಿತು. ಆಗಷ್ಟೇ ಪಕ್ಕದ ಸೈಟಿನಲ್ಲಿ, ಕಟ್ಟಡದ ಪೂರ್ವಕ್ಕೆ, ಸೆಲ್ಲಾರ್‌ಗೆಂದು ಆಳವಾಗಿ ಅಗೆಯಲು ಶುರುಮಾಡಿದ್ದರು. ಕಾಕಾ ಬೀದಿಯ ಸ್ಕೂಟರ್ ಮೆಕ್ಯಾನಿಕ್ಕಿನ ಹತ್ತಿರ ಟ್ಯಾಪೆಟ್ ಗೇಜು ಕೇಳಿ ತಂದರು. ಇಂಜಿನ್ನಿನೊಳಗಿನ ಸಂದು ನೋಡುವ ತೆಳ್ಳನೆಯ ಉಕ್ಕಿನ ಎಲೆಗಳ ಗೊಂಚಲು ಅದು, ಒಂದೊಂದು ಎಲೆಯ ಮೇಲೂ ಅದರ ದಪ್ಪ ಕೊರೆದಿರುತ್ತದೆ. ಯಾವ ಎಲೆ ಸರಾಗವಾಗಿ ತೂರುತ್ತದೋ ಅದೇ ಬಿರುಕಿನ ಅಗಲ. ಗೋಡೆಯ ಮೇಲೆ ಪೆನ್ಸಿಲಿನಿಂದ ಮೂರು ಗುರುತು ಮಾಡಿ, ದಿನಾ ಬೆಳಿಗ್ಗೆ ಏಳು ಗಂಟೆಗೆ ಅವೇ ಮೂರು ಕಡೆ ಅಳೆದು ನೋಟ್‌ಬುಕ್ಕಿನಲ್ಲಿ ಬರೆದರು. ಮಾಡಲಿಕ್ಕೆ ಒಂದು ಕೆಲಸ ಸಿಕ್ಕಿತು ಎಂದು ಆಮೇಲೆ ನನಗೆ ಹೇಳಿದರು. ಸಂತೋಷದಿಂದಲ್ಲ, ದುಃಖದಿಂದಲೂ ಅಲ್ಲ. ಅವತ್ತು ಮಳೆ ಬಂದಿತ್ತು ಅನ್ನುವ ಹಾಗೆ.

ಅವರ ಕೆಳಗಿನ ಮನೆಯಲ್ಲಿ ಶುಭಾ ಬಾಡಿಗೆಗೆ ಇದ್ದಳು. ಸಂಜೆ ಐದರಿಂದ ಎಂಟರವರೆಗೆ ಇಪ್ಪತ್ತು ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತಿದ್ದಳು, ಅದೂ ಪೂರ್ವದ ಮೂಲೆಯ ಕೋಣೆಯಲ್ಲಿ, ಕಾಕಾನ ಮಲಗುವ ಕೋಣೆಯ ಕೆಳಗೆ. ಕಾಕಾನ ಹತ್ತಿರ ಗುಂಡಿ ಒತ್ತುವ ಹಳೆಯ ಫೋನು. ಹಾಗಾಗಿ ಬಿರುಕಿನ ಫೋಟೋ ತೆಗೆದು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೆ ಹಾಕಿದ್ದು ಶುಭಾ.

ಕಾರ್ಯದರ್ಶಿ ಮೋಹನ ಅದನ್ನು ಹತ್ತು ನಿಮಿಷದೊಳಗೆ ಅಳಿಸಿದ. ಮೂರನೇ ಮಹಡಿಯ ಫ್ಲ್ಯಾಟು ಮಾರಾಟಕ್ಕಿತ್ತು, ಕೊಳ್ಳುವವರ ನೆಂಟರೊಬ್ಬರು ಅದೇ ಗ್ರೂಪಿನಲ್ಲಿದ್ದರು. ಶುಭಾ ಬಾಡಿಗೆಗೆ ಇದ್ದದ್ದು ಮೋಹನನದೇ ಮನೆಯಲ್ಲಿ. ನಿನ್ನ ಫೋನಿನಿಂದಲೂ ತೆಗೆ ಎಂದ, ತೆಗೆದಳು. ಉಳಿದವರು ಅದನ್ನು ತೆರೆದೂ ನೋಡಿರಲಿಲ್ಲ. ಸಾಲದ್ದಕ್ಕೆ, ಕಾಕಾ ಹೆಂಡತಿಯ ಮಾಸಿಕಕ್ಕೆಂದು ನದಿಗೆ ಹೋದ ಶುಕ್ರವಾರ, ಕೀಲಿ ಮೋಹನನ ಹತ್ತಿರವೇ ಇತ್ತು. ಅವನು ಮೇಸ್ತ್ರಿಯನ್ನು ಕರೆಸಿ ಬಿರುಕಿಗೆ ಪುಟ್ಟಿ ತುಂಬಿಸಿ, ಮೇಲೆ ಪಟ್ಟಿ ಅಂಟಿಸಿ, ಇಡೀ ಗೋಡೆಗೆ ಬಣ್ಣ ಬಳಿಸಿಬಿಟ್ಟ. ಉಪಕಾರ ಮಾಡಿದೆ ಎಂದೇ ಹೇಳಿಕೊಂಡ. ಇಂಥ ಉಪಕಾರಿಗಳು ಪ್ರತಿ ಅಪಾರ್ಟ್‌ಮೆಂಟಿನಲ್ಲೂ ಒಬ್ಬೊಬ್ಬರು ಇರುತ್ತಾರೆ. ನನ್ನ ಅರ್ಧ ಸಂಪಾದನೆ ಅವರಿಂದಲೇ.

ನಾನು ಸ್ಟ್ರಕ್ಚರಲ್ ಇಂಜಿನಿಯರ್, ಹೆಸರು ಪ್ರಿಯಂವದಾ. ಆಫೀಸು ಕೊಂಡಾಪುರದಲ್ಲಿ. ಆ ಶನಿವಾರ ಖಮ್ಮಂನ ಒಂದು ಸೈಟಿನಲ್ಲಿದ್ದೆ, ಸೋಮವಾರದ ತನಕ ಬಿಡುವಿರಲಿಲ್ಲ. ಮಧ್ಯಾಹ್ನ ಅವ್ವ ಫೋನು ಮಾಡಿದಳು. ಅವತ್ತು ಸಂಜೆ ಆರಕ್ಕೆ ಅಸೋಸಿಯೇಷನ್ನಿನ ಸಭೆ, ಪಕ್ಕದ ಸೈಟಿನ ಕಂಟ್ರಾಕ್ಟರೂ ಬರುತ್ತಾನೆ, ಭಾನುವಾರ ಅವನು ಇನ್ನೂ ಒಂದು ಆಳು ಕೆಳಕ್ಕೆ ಅಗೆಯುವವನಿದ್ದಾನೆ. ಇಂಜಿನಿಯರ ಅಭಿಪ್ರಾಯ ಒಂದು ಹಾಳೆಯಷ್ಟಾದರೂ ಇದ್ದರೆ ಅದರಂತೆ ನಡೆಯುತ್ತೇವೆ, ಇಲ್ಲದಿದ್ದರೆ ಸುಮ್ಮನೆ ಕೂಡಿ ಎಂದು ಮೋಹನ ಕಾಕಾನಿಗೆ ಹೇಳಿದ್ದನಂತೆ. ಫೋಟೋ ಕಳಿಸಲಿ, ನೋಡೋಣ ಅಂದೆ. ಫೋಟೋ ಇಲ್ಲ ಅಂದಳು. ಹಾಗಾದರೆ ಹೇಗವ್ವಾ ಅಂದೆ. ಅವರ ಜೊತೆ ಒಮ್ಮೆ ಮಾತಾಡು ಅಂದಳು.

ಮನಸ್ಸಿಲ್ಲದೆ ಫೋನು ಮಾಡಿದೆ. ಬಿರುಕನ್ನು ಕಣ್ಣಿನಿಂದ ನೋಡದೆ ಅಭಿಪ್ರಾಯ ಕೊಡುವುದು ನನಗೆ ಹಿಡಿಸುವ ಕೆಲಸವಲ್ಲ. ಜನ ಫೋನಿನಲ್ಲಿ ಬಿರುಕು ವರ್ಣಿಸುವ ಚಂದ ನನಗೆ ಗೊತ್ತು: ಮೇಡಂ, ಭಯಂಕರ ಬಿರುಕು, ಬೆರಳು ಹೋಗುತ್ತದೆ. ಹೋಗಿ ನೋಡಿದರೆ ಉಗುರೂ ಹೋಗುವುದಿಲ್ಲ. ಪುಟ್ಟಿ ಕೆರೆದು ಅಳೆಯಲಾದೀತೇ ಎಂದು ಮೊದಲು ಕೇಳಿದೆ. ಪುಟ್ಟಿ ಒಳಗೆ ಇಳಿದಿದೆ, ಈಗ ಕೆರೆದರೆ ಅಂಚು ಒಡೆದು ಸುಳ್ಳು ಅಗಲ ಬರುತ್ತದೆ ಎಂದರು. ಆ ಒಂದು ಮಾತಿಗೆ ನಾನು ನೆಟ್ಟಗೆ ಕೂತೆ, ಪೆನ್ನು ತೆಗೆದುಕೊಂಡೆ.

"ಬರಕೋರಿ, ಬಾಯಾರ," ಅಂದರು. ಮೇಡಂ ಎನ್ನುವುದಕ್ಕೆ ಅವರ ಮಾತು ಬಾಯಾರ. ದನಿಯಲ್ಲಿ ಏರಿಳಿತವೇ ಇಲ್ಲ. ಮಲಗುವ ಕೋಣೆಯ ದಕ್ಷಿಣದ ಗೋಡೆ, ಹಿಂದೆ ಬಚ್ಚಲು. ಎರಡು ಪಿಲ್ಲರಿನ ನಡುವೆ ಹನ್ನೊಂದು ಅಡಿ. ಬಿರುಕು ಒಂದೇ, ಕವಲಿಲ್ಲ, ಓರೆಯಾಗಿ ಏರುತ್ತದೆ. ಕೆಳಗಿನ ತುದಿ ಎಡಗಡೆ ಪಿಲ್ಲರಿನಿಂದ ಎರಡು ಅಡಿ ಮೂರು ಇಂಚು, ನೆಲದಿಂದ ಒಂದು ಅಡಿ ನಾಲ್ಕು ಇಂಚು. ಮೇಲಿನ ತುದಿ ಬಲಗಡೆ ಪಿಲ್ಲರಿನಿಂದ ಹನ್ನೊಂದು ಇಂಚು, ನೆಲದಿಂದ ಏಳು ಅಡಿ ಎರಡು ಇಂಚು. ಅಗಲ ಮೇಲ್ಗಡೆ ಹೆಚ್ಚು, ಕೆಳಗೆ ಇಳಿದಂತೆ ಕಡಿಮೆ. ಮೊದಲ ದಿನ ಮೇಲೆ ಸೊನ್ನೆ ಪಾಯಿಂಟ್ ಎರಡು ಮಿಲಿಮೀಟರ್. ಹತ್ತನೆಯ ದಿನಕ್ಕೆ ಸೊನ್ನೆ ಪಾಯಿಂಟ್ ಮೂರು. ಹದಿನಾಲ್ಕಕ್ಕೆ ಸೊನ್ನೆ ಪಾಯಿಂಟ್ ಆರು. ಹತ್ತೊಂಬತ್ತನೆಯ ದಿನ, ಅಂದರೆ ಪುಟ್ಟಿಗೆ ಮುಂಚಿನ ದಿನ, ಒಂದು ಪಾಯಿಂಟ್ ಒಂದು. ನಡುವೆ ಸೊನ್ನೆ ಪಾಯಿಂಟ್ ಏಳು, ಕೆಳಗೆ ಕಾಲು ಮಿಲಿಮೀಟರ್.

ಮೇಲಿನ ಸಿಮೆಂಟು ಗಿಲಾವು ಮಾತ್ರ ಬಿಟ್ಟಿದೆಯೋ, ಇಟ್ಟಿಗೆಗೂ ಹೋಗಿದೆಯೋ ಎಂದು ಕೇಳಿದೆ. ಗೇಜಿನ ಎಲೆ ಒಂದೂಕಾಲು ಇಂಚು ಒಳಗೆ ಹೋಯಿತು, ಗಿಲಾವು ಅರ್ಧ ಇಂಚಿನದು, ತಟ್ಟಿದರೆ ಪೊಳ್ಳು ಸದ್ದಿಲ್ಲ ಎಂದರು. ಫೋಟೋ ಇದ್ದಿದ್ದರೆ ನನಗೆ ಇದರಲ್ಲಿ ಅರ್ಧವೂ ತಿಳಿಯುತ್ತಿರಲಿಲ್ಲ. ಒಂದು ದಿನದ ಫೋಟೋ ಬಿರುಕು ಬೆಳೆಯುತ್ತಿದೆಯೋ ನಿಂತಿದೆಯೋ ಹೇಳುವುದಿಲ್ಲ. ಬೇರೇನಾದರೂ ಉಂಟೇ ಎಂದೆ.

"ಮ್ಯಾಲಿನ ತುದಿಯಿಂದ ದಾರಕ್ಕ ಕಟ್ಟಿ ಗುಂಡು ಬಿಟ್ರ ಎಣ್ಣಿ ಕಲಿ ಮ್ಯಾಲ ಬೀಳತೈತ್ರಿ."

ಎಂಥ ಎಣ್ಣೆ ಕಲೆ ಎಂದು ಕೇಳಿದೆ. ಗೋಡೆಯುದ್ದಕ್ಕೆ ಹಾಕಿದ್ದ ಮಂಚದ ಮೇಲೆ ಮನೆಯವಳು ದಿಂಬಿಗೆ ಒರಗಿ, ಗೋಡೆಗೆ ವಾಲಿ ಕೂಡುತ್ತಿದ್ದ ಜಾಗ, ತಲೆ ತಾಗಿ ತಾಗಿ ಆದದ್ದು, ಎಂದರು. ಅದನ್ನು ನಾನು ಬರೆದುಕೊಳ್ಳಲಿಲ್ಲ. ಗೋಡೆಯ ಎಣ್ಣೆ ಕಲೆಗೂ ಪಿಲ್ಲರಿಗೂ ಏನು ಸಂಬಂಧ?

ಆಮೇಲೆ ಎಲ್ಲವನ್ನೂ ಓದಿ ಹೇಳಿ ಎಂದರು. ಸೈಟಿನಲ್ಲಿ ಕಾಂಕ್ರೀಟು ಮಿಕ್ಸರು ತಿರುಗುತ್ತಿತ್ತು, ನನಗೆ ಅವಸರ, ಆದರೂ ಓದಿದೆ. ಒಂದೊಂದು ಅಂಕಿಗೂ "ಬರೊಬ್ಬರಿ" ಅಂದರು. ಎಡ ಎಂದಾಗ ಬರೊಬ್ಬರಿ, ಬಲ ಎಂದಾಗಲೂ ಬರೊಬ್ಬರಿ.

ಫೋನಿಟ್ಟು ಹಾಳೆಯ ಮೇಲೆ ಗೋಡೆ ಬರೆದೆ. ಗೋಡೆಯ ಓರೆ ಬಿರುಕನ್ನು ಓದುವುದು ಕಷ್ಟವೇನಲ್ಲ. ಒಂದು ಕಡೆಯ ಪಿಲ್ಲರಿನ ಬುಡ ಇಳಿದರೆ, ಗೋಡೆ ಅದರ ಜೊತೆ ಜಗ್ಗಿ, ಇಳಿಯದ ಕಡೆಯ ಬುಡದಿಂದ ಇಳಿದ ಕಡೆಯ ತಲೆಯತ್ತ ಸೀಳುತ್ತದೆ. ಬಿರುಕು ಯಾವ ಕಡೆ ಏರುತ್ತದೋ ಆ ಕಡೆಯ ಪಿಲ್ಲರನ್ನು ಮೊದಲು ಅನುಮಾನಿಸಬೇಕು. ದಕ್ಷಿಣದ ಗೋಡೆಗೆ ಮುಖ ಮಾಡಿ ನಿಂತರೆ ಎಡಗೈ ಪೂರ್ವಕ್ಕೆ, ಬಲಗೈ ಪಶ್ಚಿಮಕ್ಕೆ. ಬಿರುಕು ಬಲಕ್ಕೆ ಏರುತ್ತದೆ. ಅಂದರೆ ಇಳಿಯುತ್ತಿರುವುದು ಪಶ್ಚಿಮದ ಪಿಲ್ಲರು. ಅಲ್ಲಿ ಹಳೆಯ ಡ್ರೈನೇಜು ಪೈಪಿದೆ ಎಂದು ಅವ್ವನಿಂದ ಮೊದಲೇ ತಿಳಿದಿತ್ತು. ಪೈಪು ಸೋರಿ ಮಣ್ಣು ಕೊಚ್ಚಿಹೋಗಿರಬೇಕು. ಪೂರ್ವದ ಗುಂಡಿಗೂ ಇದಕ್ಕೂ ನಂಟಿಲ್ಲ.

ಲ್ಯಾಪ್‌ಟಾಪಿನಲ್ಲಿ ಹಾಗೆಯೇ ಟೈಪು ಮಾಡಿದೆ. ಪಶ್ಚಿಮದ ಪಿಲ್ಲರಿನ ಬುಡ ಬಿಚ್ಚಿ ನೋಡಬೇಕು, ಅಲ್ಲಿಯವರೆಗೆ ಆ ಕಡೆ ಆಸರೆ ಕೊಡಬೇಕು, ಆ ಕಡೆಯ ಕೋಣೆಗಳನ್ನು ಖಾಲಿ ಮಾಡಬೇಕು. ಶುಭಾಳ ಟ್ಯೂಷನ್ ಕೋಣೆ ಪೂರ್ವಕ್ಕಿದ್ದದ್ದರಿಂದ ಅದಕ್ಕೆ ತೊಂದರೆಯಿಲ್ಲ ಎಂದೂ ಸೇರಿಸಿದೆ. ಕಾಕಾನಿಗೆ ಮತ್ತೆ ಫೋನು ಮಾಡಿ ಇದನ್ನೂ ಓದಿ ಹೇಳಿದೆ. ಕೇಳಿಸಿಕೊಂಡರು. ಏನೂ ಅನ್ನಲಿಲ್ಲ.

"ಸರಿ ಐತ್ಯಾ ಕಾಕಾ?"

"ನಾ ರೀಡಿಂಗ್ ಕೊಡಾಂವ್ರಿ. ಅಭಿಪ್ರಾಯ ನಿಮ್ಮದು."

ಗಂಟೆ ನಾಲ್ಕೂವರೆ. ಮೋಹನನ ಈಮೇಲು ಹಾಕಿ, ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟೆ. ಅವನಿಗೆ ಇದರಿಂದ ಬಹಳ ಸಂತೋಷವಾಗುತ್ತದೆ ಎಂಬ ಯೋಚನೆಗೇ ನನಗೆ ಕಿರಿಕಿರಿಯಾಯಿತು. ಕಂಟ್ರಾಕ್ಟರಿಗೂ ಸಂತೋಷ. ಆ ಕಿರಿಕಿರಿಗೆ ಬೆರಳು ಅಲ್ಲೇ ನಿಂತಿತು. ಬರೆದ ಚಿತ್ರವನ್ನು ಇನ್ನೊಮ್ಮೆ ನೋಡಿದೆ. ಮೇಲಿನ ತುದಿಯಿಂದ ಗುಂಡು ಬಿಟ್ಟರೆ ಎಣ್ಣೆ ಕಲೆ. ನನ್ನ ಚಿತ್ರದಲ್ಲಿ ಆ ಕಲೆ ಪಶ್ಚಿಮದ ಪಿಲ್ಲರಿನ ಹತ್ತಿರ ಬೀಳುತ್ತಿತ್ತು.

ಅಂದರೆ ಗೋದಾಬಾಯಿ ಪಶ್ಚಿಮಕ್ಕೆ ತಲೆ ಇಟ್ಟು, ಪೂರ್ವಕ್ಕೆ ಕಾಲು ಚಾಚಿ ಎರಡು ವರ್ಷ ಮಲಗಿದ್ದರೇ?

ನಮ್ಮ ಮನೆಗಳಲ್ಲಿ ಅದು ಆಗದ ಮಾತು. ಸೂರ್ಯ ಹುಟ್ಟುವ ಕಡೆ ಕಾಲು ಚಾಚಿದರೆ ನನ್ನ ಅಜ್ಜಿ ನಿದ್ದೆಯಲ್ಲಿದ್ದವರನ್ನೂ ಎಬ್ಬಿಸಿ ತಿರುಗಿಸುತ್ತಿದ್ದಳು. ಗೋದಾಬಾಯಿ ಇನ್ನೂ ಕಟ್ಟುನಿಟ್ಟು, ಭಜನೆಯಲ್ಲಿ ಯಾರು ಯಾವ ಕಡೆ ಮುಖ ಮಾಡಿ ಕೂಡಬೇಕೆಂದೂ ಅವರೇ ಹೇಳುತ್ತಿದ್ದರು. ಮತ್ತೆ ಫೋನು ಮಾಡಿದೆ.

"ಕಾಕಾ, ಕಾಕು ತಲಿ ಯಾವ ಕಡೆ ಇಟ್ಟು ಮಲಗತಿದ್ರು?"

ಪೆನ್ನು ಚಿತ್ರದ ಮೇಲೇ ಹಿಡಿದಿದ್ದೆ.

"ಪೂರ್ವಕ್ಕ," ಅಂದರು.

"ಎಣ್ಣಿ ಕಲಿ ಬಲಗಡೆ ಅಂದ್ರಲ್ಲ?"

"ಹೌದ್ರಿ, ಬಲಗಡೆ. ನೀರಿಗೆ ಬೆನ್ನು ಕೊಟ್ಟು ನಿಂತ್ರ ಪೂರ್ವ ಬಲಗಡೆನ ಬರತೈತಿ."

ಹೊಳೆಗೆ, ಅಣೆಕಟ್ಟಿಗೆ, ಎಡ ಬಲ ಹೇಳುವ ಕ್ರಮ ಒಂದೇ. ನೀರು ಹರಿದುಹೋಗುವ ಕಡೆ ಮುಖ ಮಾಡಬೇಕು, ನಿಂತ ನೀರು ಬೆನ್ನಿಗಿರಬೇಕು. ಕಾಲೇಜಿನ ಎರಡನೇ ವರ್ಷದಲ್ಲಿ ನಾನೂ ಇದನ್ನು ಓದಿ ಬರೆದು ಪಾಸಾದವಳು. ಮೂವತ್ತನಾಲ್ಕು ವರ್ಷ ಗ್ಯಾಲರಿಯ ಗೋಡೆಯನ್ನು ಹಾಗೆಯೇ ಓದಿದವರು ಇವರು. ಗೋಡೆಯ ಹಿಂದೆ ನೀರಿದೆ ಎಂದರೆ ಅವರಿಗೆ ಬೆನ್ನು ಆ ಕಡೆ ತಾನಾಗಿಯೇ ತಿರುಗುತ್ತಿತ್ತು. ಈ ಗೋಡೆಯ ಹಿಂದೆ ಬಚ್ಚಲಿತ್ತು. ಹಿಂದೆ ಬಚ್ಚಲು ಎಂದು ಅವರು ಹೇಳಿಯೂ ಇದ್ದರು. ಅಳೆಯುವಾಗ ಎದುರಿಗೆ ನಿಂತರು, ಬರೆಯುವಾಗ ಬೆನ್ನು ಕೊಟ್ಟರು. ನಾನು ಎಲ್ಲ ಅಂಕಿಗಳನ್ನೂ ತಪ್ಪಿಲ್ಲದೆ ಓದಿ ಹೇಳಿದ್ದೆ, ಅವರು ತಪ್ಪಿಲ್ಲದೆ ಬರೊಬ್ಬರಿ ಅಂದಿದ್ದರು, ಇಬ್ಬರೂ ಸೇರಿ ಇಪ್ಪತ್ತು ಮಕ್ಕಳನ್ನು ಇಳಿಯುತ್ತಿರುವ ಪಿಲ್ಲರಿನ ಕೆಳಗೆ ಕೂಡಿಸುವವರಿದ್ದೆವು. ಎಡ ಬಲ ಬಿಟ್ಟು ಪೂರ್ವ ಪಶ್ಚಿಮ ಹೇಳಿ ಎಂದು ಕೇಳಬೇಕಾದವಳು ನಾನು. ಯಾವ ಕಡೆಯ ಬಾಗಿಲು ಬಿಗಿಯಾಗಿದೆ ಎಂದೂ ಕೇಳಲಿಲ್ಲ. ಆಮೇಲೆ ಕೇಳಿದರೆ, ಪೂರ್ವದ ಬಾಲ್ಕನಿ ಬಾಗಿಲು ವಾರದಿಂದ ಚಿಲಕ ಕೂಡುತ್ತಿಲ್ಲ ಎಂದರು.

ಪಶ್ಚಿಮ ಅಂತ ಓದಿದಾಗ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದೆ. ದನಿ ಜೋರಾಗಿತ್ತು, ಸುಳ್ಳು ಯಾಕೆ ಹೇಳಲಿ. ಇಂಜಿನಿಯರು ಬೇರೆ ಲೆಕ್ಕ ಹಾಕಿರಬೇಕು ಅಂದುಕೊಂಡೆ, ಎಂದರು. ಅದೇ ಸಪ್ಪೆ ದನಿ.

ಅಭಿಪ್ರಾಯವನ್ನು ಮೊದಲಿನಿಂದ ಬರೆದೆ. ಪೂರ್ವದ ಪಿಲ್ಲರು, ಗುಂಡಿಯ ಕಡೆಯದು. ಬಿರುಕು ಐದು ದಿನದಲ್ಲಿ ಸುಮಾರು ದುಪ್ಪಟ್ಟಾಗಿದೆ, ಇಟ್ಟಿಗೆಯೊಳಗೆ ಹೋಗಿದೆ. ಅಗೆಯುವುದನ್ನು ಈಗಲೇ ನಿಲ್ಲಿಸಬೇಕು, ಗುಂಡಿಯ ಆ ಬದಿಗೆ ಮಣ್ಣು ತುಂಬಬೇಕು, ಪೂರ್ವದ ಕೋಣೆಗಳನ್ನು ಎಲ್ಲ ಮಹಡಿಗಳಲ್ಲೂ ಇಂದೇ ಖಾಲಿ ಮಾಡಿ ಆಸರೆ ಕೊಡಬೇಕು. ನೋಡದೆ ಕೊಟ್ಟ ಅಭಿಪ್ರಾಯ, ಸೋಮವಾರ ಬಂದು ನೋಡುತ್ತೇನೆ ಎಂದು ಕೆಳಗೆ ಬರೆದೆ. ಮೋಹನನಿಗೆ ಮಾತ್ರವಲ್ಲ, ಕಂಟ್ರಾಕ್ಟರಿಗೂ, ಊರಿನ ಕಟ್ಟಡ ವಿಭಾಗಕ್ಕೂ ಕಳಿಸಿದೆ. ಶುಭಾಗೆ ಫೋನು ಮಾಡಿದಾಗ ಐದಕ್ಕೆ ಹತ್ತು ನಿಮಿಷವಿತ್ತು. ಮಕ್ಕಳು ಚಪ್ಪಲಿ ಬಿಡುತ್ತಿದ್ದರಂತೆ. ಅವರನ್ನು ಹಾಗೇ ಮನೆಗೆ ಕಳಿಸಿದಳು.

ಸೋಮವಾರ ಹೋದೆ. ಗುಂಡಿಯ ಬದಿಗೆ ಮಣ್ಣು ಸುರಿದಾಗಿತ್ತು. ಅದಕ್ಕೆ ಮೊದಲು ಅಲ್ಲಿ ಮಣ್ಣು ಹೋಳಾಗಿ ಜಾರಿ, ನಮ್ಮ ಪೂರ್ವದ ಪಿಲ್ಲರಿನ ಬುಡದ ಅಂಚು ಹೊರಗೆ ಕಾಣುತ್ತಿತ್ತೆಂದು ವಿಭಾಗದವರು ತೆಗೆದ ಫೋಟೋ ತೋರಿಸಿದರು. ಶುಭಾಳ ಕೋಣೆಯಲ್ಲಿ ಬೆಂಚುಗಳಿದ್ದ ಜಾಗದಲ್ಲಿ ಉಕ್ಕಿನ ಕಂಬಗಳು ನಿಂತಿದ್ದವು. ಮೋಹನ ನನಗೆ ಚಹಾ ಬೇಕೇ ಎಂದು ಎರಡು ಸಲ ಕೇಳಿದ. ಬೇಡ ಎಂದು ಎರಡು ಸಲವೂ ಹೇಳಿದೆ.

ಕಾಕಾ ಹೊರಗಿನ ಪಡಸಾಲೆಗೆ ಹಾಸಿಗೆ ಹಾಕಿಕೊಂಡಿದ್ದರು. ಮೇಸ್ತ್ರಿಯ ಕೈಯಲ್ಲಿ ಪಟ್ಟಿ ಕೀಳಿಸಿ ಪುಟ್ಟಿ ಕೆರೆಸಿದೆ. ಬಿರುಕು ಅವರು ಹೇಳಿದಲ್ಲೇ ಇತ್ತು. ಟೇಪು ಹಿಡಿದೆ: ಪೂರ್ವದ ಪಿಲ್ಲರಿನಿಂದ ಹನ್ನೊಂದು ಇಂಚು, ನೆಲದಿಂದ ಏಳು ಅಡಿ ಎರಡು ಇಂಚು. ಕೂದಲಷ್ಟೂ ವ್ಯತ್ಯಾಸವಿರಲಿಲ್ಲ. ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸಿ ದಿನಾಂಕ ಬರೆದೆ, ಇನ್ನು ಅಲುಗಿದರೆ ಗಾಜು ಒಡೆಯುತ್ತದೆ. ಮೇಸ್ತ್ರಿ ಹೋದ. ಕಾಕಾ ಬಾಗಿಲಲ್ಲೇ ನಿಂತಿದ್ದರು, ಕೋಣೆಯೊಳಗೆ ಬಂದಿರಲಿಲ್ಲ.

ಇನ್ನು ಚಿಂತೆಯಿಲ್ಲ, ಪಿಲ್ಲರಿನ ಬುಡ ಗಟ್ಟಿ ಮಾಡಿಸಿದ ಮೇಲೆ ಗೋಡೆಯನ್ನೂ ಸರಿ ಮಾಡಿಸೋಣ, ಫೋಟೋ ಹೋದದ್ದೇ ಒಳ್ಳೆಯದಾಯಿತು ಎಂದು ಹಗುರವಾಗಿ ಅಂದೆ. ಅವರು ಒಳಗೆ ಬಂದರು. ಮೇಲಿನ ಬಿರುಕಿನತ್ತ ನೋಡಲೇ ಇಲ್ಲ. ಗೋಡೆಯ ಕೆಳಭಾಗದಲ್ಲಿ, ಹೊಸ ಬಿಳಿ ಬಣ್ಣದ ಮೇಲೆ ಕೈಯಿಟ್ಟರು.

"ಆ ಫೋಟೋದಾಗ ಎಣ್ಣಿ ಕಲಿ ಬಂದಿತ್ತು, ಬಾಯಾರ. ಗ್ವಾಡಿ ಮ್ಯಾಲಿಂದು ಬಣ್ಣ ಹಚ್ಚಿ ತಗದ್ರು. ಫೋಟೋದಾಗಿಂದೂ ಹೋತು."

ಅವ್ವ ಅವತ್ತು ಕಲ್ಲಿನ ಎದೆ ಅಂದಾಗ ಹೂಂ ಅಂದದ್ದು ನೆನಪಾಗಿ ನಾಚಿಕೆಯಾಯಿತು. ಅಳಬೇಕಿತ್ತು, ಅಳುವೂ ಬರಲಿಲ್ಲ. ಅವರ ಸಪ್ಪೆತನ ನನಗೂ ಅಂಟಿತ್ತೇನೋ. ಬ್ಯಾಗಿನಿಂದ ನೋಟ್‌ಬುಕ್ಕು ತೆಗೆದೆ.

"ಹೇಳ್ರಿ ಕಾಕಾ. ಬರಕೋತೀನಿ."

ದತ್ತಾತ್ರೇಯ ಕಾಕಾ ಗೋಡೆಗೆ ಮುಖ ಮಾಡಿಕೊಂಡೇ ಹೇಳಲು ಶುರುಮಾಡಿದರು. ನೆಲದಿಂದ ಎರಡು ಅಡಿ ಏಳು ಇಂಚು. ಅಗಲ ಐದು ಇಂಚು, ಎತ್ತರ ಮೂರು. ನಡುವೆ ಕಪ್ಪು, ಅಂಚಿಗೆ ಹಳದಿ. ಕೆಳಗಿನ ಅಂಚು ಸ್ವಲ್ಪ ಪೂರ್ವಕ್ಕೆ ಜಾರಿದೆ, ಕಡೆಕಡೆಗೆ ನೆಟ್ಟಗೆ ಕೂಡಲಾಗುತ್ತಿರಲಿಲ್ಲ, ಅದಕ್ಕೆ. ಹತ್ತಿರದ ಅಂಚು ಪಿಲ್ಲರಿನಿಂದ ಒಂಬತ್ತು ಇಂಚು.

ಯಾವ ಕಡೆಯ ಪಿಲ್ಲರು ಎಂದು ಕೇಳಿದೆ. ಈ ಸಲ ಕೇಳದೆ ಬಿಡುವಂತಿರಲಿಲ್ಲ.

"ಎಡಗಡೆ," ಅಂದರು. "ಅಕೀ ಕಡೆ ಮುಖಾ ಮಾಡಿ ನಿಂತ್ರ ಎಡಗಡೆ."

ಬರೆದುಕೊಂಡು ಓದಿ ಹೇಳಿದೆ. ಅವರು ಕೈ ತೆಗೆಯದೆ ಕೊನೆಯವರೆಗೂ ಕೇಳಿದರು. ಬರೊಬ್ಬರಿ ಅನ್ನಲಿಲ್ಲ. ಇನ್ನೊಮ್ಮೆ ಓದಿ ಎಂದು ಕೈಸನ್ನೆ ಮಾಡಿದರು. ಓದಿದೆ.